ತಣ್ಣಗಾದ ಪಾತ್ರೆಯಲ್ಲಿ ಉಳಿಯುವ ಒತ್ತಡ

ಒಣಗಿಸಿ ನುಣ್ಣಗೆ ಪುಡಿ ಮಾಡಿದ ಎಲೆಯಲ್ಲಿ ಸೀಸ ಎಷ್ಟಿದೆ ಎಂದು ಅಳೆಯಬೇಕಾದರೆ, ಮೊದಲು ಎಲೆಯ ಸಾವಯವ ಭಾಗವನ್ನು ನಾಶಮಾಡಿ ಲೋಹಗಳಷ್ಟೇ ಆಮ್ಲದಲ್ಲಿ ಕರಗಿ ಉಳಿಯುವಂತೆ ಮಾಡಬೇಕು. ಇದಕ್ಕಾಗಿ ಪುಡಿಯನ್ನು ಆಮ್ಲದೊಂದಿಗೆ ಮೈಕ್ರೋವೇವ್ ಒಲೆಯಲ್ಲಿ ಕಾಯಿಸುತ್ತಾರೆ. ನಾಶಮಾಡುವ ಕೆಲಸವನ್ನು ಮೈಕ್ರೋವೇವ್ ಕಿರಣಗಳೇ ಮಾಡುತ್ತವೆ ಎಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಕಿರಣಗಳು ಆಮ್ಲವನ್ನು ಬಿಸಿ ಮಾಡುತ್ತವೆ, ಅಷ್ಟೆ. ಎಲೆಯನ್ನು ಒಡೆಯುವುದು ನೈಟ್ರಿಕ್ ಆಮ್ಲ. ತೆರೆದ ಪಾತ್ರೆಯಲ್ಲಿ ಗಾಢ ನೈಟ್ರಿಕ್ ಆಮ್ಲ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕುದಿದುಬಿಡುವುದರಿಂದ ಅದಕ್ಕಿಂತ ಹೆಚ್ಚು ಬಿಸಿಯಾಗದು. 1975ರಲ್ಲಿ ಅಬು-ಸಮ್ರಾ, ಮೋರಿಸ್ ಮತ್ತು ಕೊಯರ್ಟಿಹಾನ್ ಅವರು ಜೈವಿಕ ಮಾದರಿಗಳಿಗೆ ಮೈಕ್ರೋವೇವ್ ಒಲೆಯನ್ನು ಮೊದಲು ಬಳಸಿದಾಗ ತೆರೆದ ಬಾಯಿಯ ಪಾತ್ರೆಗಳನ್ನೇ ಇಟ್ಟಿದ್ದರು. ಟೆಫ್ಲಾನ್ ಪಾತ್ರೆಗೆ ಬಿಗಿಯಾದ ಮುಚ್ಚಳ ಬಂದ ಮೇಲೆ ಅದೇ ಆಮ್ಲವನ್ನು 200 ಡಿಗ್ರಿವರೆಗೆ ಕಾಯಿಸಲು ಸಾಧ್ಯವಾಯಿತು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು, ಆವಿಯಾಗಿ ಹೋಗುತ್ತಿದ್ದ ಪಾದರಸವೂ ಒಳಗೇ ಉಳಿಯಿತು.

ಆದರೆ ಮುಚ್ಚಿದ ಪಾತ್ರೆಯಲ್ಲಿ ಲೋಹಗಳ ಜೊತೆಗೆ ಅನಿಲವೂ ಉಳಿಯುತ್ತದೆ. 100 ಮಿಲಿಲೀಟರ್ ಪಾತ್ರೆಗೆ 0.5 ಗ್ರಾಂ ಎಲೆಪುಡಿಯನ್ನೂ 10 ಮಿಲಿಲೀಟರ್ ನೈಟ್ರಿಕ್ ಆಮ್ಲವನ್ನೂ ಹಾಕಿದ್ದೇವೆ ಎನ್ನೋಣ. ಒಣ ಎಲೆಯ ತೂಕದಲ್ಲಿ ಸುಮಾರು ಶೇಕಡ 45 ಇಂಗಾಲ. ಅದೆಲ್ಲ ಇಂಗಾಲದ ಡೈಆಕ್ಸೈಡ್ ಆದರೆ, ಕೋಣೆಯ ಉಷ್ಣತೆಯಲ್ಲಿ ಹೊರಗಿನ ಗಾಳಿಯ ಒತ್ತಡಕ್ಕೆ ಅದು ಸುಮಾರು 460 ಮಿಲಿಲೀಟರ್ ಜಾಗ ಹಿಡಿಯಬೇಕು. ಪಾತ್ರೆಯಲ್ಲಿ ಖಾಲಿ ಇರುವುದು 90 ಮಿಲಿಲೀಟರ್. ಅಂದರೆ ಎಲ್ಲವೂ ತಣ್ಣಗಾದ ಮೇಲೂ ಒಳಗೆ ವಾಯುಮಂಡಲದ ಸುಮಾರು ಐದು ಪಟ್ಟು ಹೆಚ್ಚುವರಿ ಒತ್ತಡ ಇದ್ದೇ ಇರುತ್ತದೆ. ಆಮ್ಲದಿಂದ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳು ಅದಕ್ಕೆ ಸೇರುತ್ತವೆ.

ಇದನ್ನು ಪ್ರೆಶರ್ ಕುಕ್ಕರಿಗೆ ಹೋಲಿಸುವುದು ರೂಢಿ, ಆದರೆ ಆ ಹೋಲಿಕೆ ಅರ್ಧ ದಾರಿಗೇ ಕೈಕೊಡುತ್ತದೆ. ಕುಕ್ಕರಿನ ಹಬೆ ತಣಿದರೆ ನೀರಾಗುತ್ತದೆ, ಒತ್ತಡ ತಾನಾಗಿ ಇಳಿಯುತ್ತದೆ. ನಮ್ಮ ಪಾತ್ರೆಯಲ್ಲಿ ಆಮ್ಲದ ಆವಿ ಮಾತ್ರ ಹಾಗೆ ದ್ರವವಾಗುತ್ತದೆ, ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೇ ಉಳಿಯುತ್ತದೆ. ಆದ್ದರಿಂದ ತಣಿದ ಪಾತ್ರೆ ಸೋಡಾ ಬಾಟಲಿಯಂತೆ. ತಟ್ಟನೆ ತೆರೆದರೆ ದ್ರವದಲ್ಲಿ ಕರಗಿದ್ದ ಅನಿಲ ನೊರೆಯಾಗಿ ಉಕ್ಕುತ್ತದೆ, ಆಮ್ಲದ ಹನಿಗಳು ಹೊರಗೆ ಸಿಡಿಯುತ್ತವೆ, ಆ ಹನಿಗಳೊಂದಿಗೆ ನಾವು ಅಳೆಯಬೇಕಾದ ಸೀಸವೂ ಹೋಗುತ್ತದೆ. ಮುಖಕ್ಕೂ ಫಲಿತಾಂಶಕ್ಕೂ ಅಪಾಯ ಒಂದೇ ಕಡೆಯಿಂದ ಬರುತ್ತದೆ.

ಹೊರಗೋಡೆ ಮುಟ್ಟಿ ನೋಡಿ ತಣಿದಿದೆ ಎಂದು ನಿರ್ಧರಿಸಬಾರದು. ಟೆಫ್ಲಾನ್ ಶಾಖವನ್ನು ಬಹಳ ನಿಧಾನವಾಗಿ ಹೊರಬಿಡುವುದರಿಂದ ಕೈಗೆ ಬೆಚ್ಚಗೆನಿಸುವ ಪಾತ್ರೆಯ ಒಳಗಿನ ಆಮ್ಲ ಇನ್ನೂ ಸುಡುತ್ತಿರಬಹುದು. ಅನೇಕ ಯಂತ್ರಗಳಲ್ಲಿ ಉಷ್ಣಮಾಪಕ ಒಂದೇ ಪಾತ್ರೆಯೊಳಗೆ ಇರುತ್ತದೆ, ಉಳಿದವು ಅದಕ್ಕಿಂತ ಬಿಸಿಯಾಗಿರಲು ಸಾಧ್ಯ. ಮಾಪಕ 40 ಡಿಗ್ರಿಗಿಂತ ಕೆಳಗೆ ತೋರಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುವುದೇ ಸರಿ. ಅನಂತರ ಮುಖಕವಚ ಮತ್ತು ಆಮ್ಲ ತಡೆಯುವ ಕೈಗವಸು ಧರಿಸಿ, ಪಾತ್ರೆಯನ್ನು ಹೊಗೆ ಹೀರಿ ಹೊರಹಾಕುವ ಫ್ಯೂಮ್ ಹುಡ್‌ನೊಳಗೆ ಇಟ್ಟು, ಅನಿಲ ಹೊರಬರುವ ರಂಧ್ರವನ್ನು ಹಿಂಗೋಡೆಯ ಕಡೆಗೆ ತಿರುಗಿಸಿ, ಸ್ಕ್ರೂ ಇದ್ದರೆ ಅದನ್ನು ಸ್ವಲ್ಪವೇ ಸಡಿಲಿಸಬೇಕು. ಬುಸ್ ಎಂಬ ಸದ್ದು ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆಯಬೇಕು. ಬಣ್ಣವಿಲ್ಲದ ನೈಟ್ರಿಕ್ ಆಕ್ಸೈಡ್ ಗಾಳಿಗೆ ತಗುಲಿದೊಡನೆ ಕಂದು ಹೊಗೆಯಾಗುವುದು ಕಣ್ಣಿಗೆ ಕಾಣುತ್ತದೆ. ಈ ಹೊಗೆಯನ್ನು ಉಸಿರಾಡಿದವರಿಗೆ ಆ ಕ್ಷಣ ಏನೂ ಅನಿಸದೆ, ಎಷ್ಟೋ ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅಡುಗೆಮನೆಯ ಮೈಕ್ರೋವೇವ್‌ನಲ್ಲಿ ಇದನ್ನು ಎಂದೂ ಮಾಡಬಾರದು ಎನ್ನಲು ಇದೊಂದೇ ಕಾರಣ ಸಾಕು.

ಎಣ್ಣೆ ಅಥವಾ ಕೊಬ್ಬಿನ ಮಾದರಿಗಳಲ್ಲಿ ಇಂಗಾಲ ಮುಕ್ಕಾಲು ಪಾಲು ಇರುವುದರಿಂದ ಅಷ್ಟೇ ತೂಕಕ್ಕೆ ಅನಿಲ ಹೆಚ್ಚು, ಕ್ರಿಯೆಯೂ ಒಮ್ಮೆಲೇ ಭುಗಿಲೇಳುತ್ತದೆ, ಅವುಗಳನ್ನು 0.2 ಗ್ರಾಂ ಆಸುಪಾಸಿನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಮಾದರಿ ಯಾವುದೇ ಇರಲಿ, ಆಮ್ಲ ಹಾಕಿ ಕಾಲು ಗಂಟೆ ತೆರೆದಿಟ್ಟರೆ ಮೊದಲ ನೊರೆ ಹೊರಗೇ ಮುಗಿಯುತ್ತದೆ. ಆಲ್ಕೋಹಾಲ್ ಅಥವಾ ಅಸಿಟೋನಿನಿಂದ ತೊಳೆದ ಪಾತ್ರೆಯಲ್ಲಿ ಅದರ ಒಂದು ಹನಿಯೂ ಉಳಿಯಬಾರದು, ಏಕೆಂದರೆ ನೈಟ್ರಿಕ್ ಆಮ್ಲದೊಡನೆ ಅದು ಸ್ಫೋಟಿಸಬಲ್ಲದು.

ಒತ್ತಡವನ್ನು ತಡೆಯುವುದು ಪಾತ್ರೆಯ ಗೋಡೆ, ಆದ್ದರಿಂದ ಅದರ ಆರೈಕೆಯೂ ಇದೇ ಲೆಕ್ಕದೊಳಗೆ ಬರುತ್ತದೆ. ಹೊರಕವಚದ ಮೇಲೆ ಆಮ್ಲದ ಹನಿ ಉಳಿದರೆ ಕಿರಣಗಳು ಅದನ್ನೇ ಕಾಯಿಸಿ ಕವಚ ಸುಟ್ಟು ಕಲೆಯಾಗುತ್ತದೆ. ಅಂಥ ಕಲೆ, ಬಿರುಕು ಅಥವಾ ಸೊಟ್ಟಗಾದ ಮುಚ್ಚಳ ಕಂಡರೆ ಆ ಭಾಗವನ್ನು ಮತ್ತೆ ಬಳಸಬಾರದು. ಒಳಗೋಡೆಯನ್ನು ಬ್ರಶ್‌ನಿಂದ ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಹಿಂದಿನ ಮಾದರಿಯ ಲೋಹ ಅಡಗಿ ಕೂರುತ್ತದೆ. ಅದನ್ನು ಹೊರತರಲು ಮಾದರಿಯಿಲ್ಲದೆ ಬರೀ ಆಮ್ಲ ಹಾಕಿ ಅಷ್ಟೇ ಉಷ್ಣತೆಗೆ ಒಮ್ಮೆ ಕಾಯಿಸುತ್ತಾರೆ. ನಮ್ಮ ಎಲೆಯಲ್ಲಿ ಕಿಲೋಗ್ರಾಂಗೆ 0.2 ಮಿಲಿಗ್ರಾಂ ಸೀಸವಿದ್ದು, ದ್ರವವನ್ನು 50 ಮಿಲಿಲೀಟರ್‌ಗೆ ಏರಿಸಿದರೆ ಲೀಟರಿಗೆ 2 ಮೈಕ್ರೋಗ್ರಾಂ ಮಾತ್ರ ಸಿಗುತ್ತದೆ. ಮಾದರಿಯಿಲ್ಲದ ಪಾತ್ರೆಯೇ ಲೀಟರಿಗೆ 0.5 ಮೈಕ್ರೋಗ್ರಾಂ ತೋರಿಸಿದರೆ, ಎಲೆಯಲ್ಲಿರುವ ಸೀಸದ ಕಾಲು ಭಾಗದಷ್ಟು ಪಾತ್ರೆಯಿಂದಲೇ ಬರುತ್ತಿದೆ ಎಂದರ್ಥ.

ಸೋರಿಕೆಯನ್ನು ಪತ್ತೆ ಮಾಡುವ ಉಪಾಯ ಸರಳ: ಮುಚ್ಚಿದ ಪಾತ್ರೆಯನ್ನು ಕಾಯಿಸುವ ಮೊದಲೂ, ತಣಿದು ಇನ್ನೂ ತೆರೆಯದಿರುವಾಗಲೂ ತೂಗಬೇಕು. ಒಳಗೆ ಹಾಕಿದ ಆಮ್ಲ ಮತ್ತು ಪುಡಿಯ ಒಟ್ಟು ತೂಕದಲ್ಲಿ ಶೇಕಡ 1ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮುಚ್ಚಳ ಎಲ್ಲೋ ಸೋರಿದೆ. ಅಂಥ ದ್ರವ ಎಷ್ಟೇ ತಿಳಿಯಾಗಿ ಕಂಡರೂ ಚೆಲ್ಲಿ, ಹೊಸದಾಗಿ ತೂಗಿದ ಪುಡಿಯಿಂದ ಮತ್ತೆ ಆರಂಭಿಸಬೇಕು.