ಟಿಎಂ ಇದ್ದಮೇಲೆ ಪದಪಟ್ಟಿ ಯಾಕೆ?

ಪ್ರಶ್ನೆ: ನಾವು ನಾಲ್ವರು ಸೇರಿ ಆರೋಗ್ಯ ಕಾರ್ಯಕರ್ತೆಯರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಎಲ್ಲರದ್ದೂ ಒಂದೇ ಟ್ರಾನ್ಸ್‌ಲೇಷನ್ ಮೆಮೊರಿ, ಅಂದರೆ ಟಿಎಂ. ಪದಪಟ್ಟಿ ಬೇರೆ ಬೇಕೆ?

ಬೇಕು. ಎಷ್ಟು ಸಲ ಹೇಳಿದರೂ "ಟಿಎಂ ಇದೆಯಲ್ಲ, ಪದಗಳನ್ನು ಅದೇ ನೋಡಿಕೊಳ್ಳುತ್ತೆ" ಅನ್ನುವ ನಂಬಿಕೆ ಮಾತ್ರ ಹೋಗುತ್ತಿಲ್ಲ. ಟಿಎಂ ಕೂಡಿಡುವುದು ಪದಗಳನ್ನಲ್ಲ, ವಾಕ್ಯಗಳ ಜೋಡಿಗಳನ್ನು. ಹೊಸ ವಾಕ್ಯ ಬಂದಾಗ ಹಳೆಯ ಯಾವುದಕ್ಕೆ ಹೋಲುತ್ತದೆಂದು ಅಳೆದು, ಅದರ ಅನುವಾದವನ್ನು ಮುಂದಿಡುತ್ತದೆ, ಅಷ್ಟೇ. ಈ ಎರಡು ಸಾಲು ನೋಡಿ:

```
Record the test result in the register.
Record the screening result in the register.
```

ಮೊದಲನೆಯದನ್ನು ಒಬ್ಬರು "ಪರೀಕ್ಷೆಯ ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಬರೆಯಿರಿ" ಎಂದು ಮಾಡಿದ್ದಾರೆ. ಎರಡನೆಯದು ಇನ್ನೊಬ್ಬರಿಗೆ ಬಂದಿದೆ. ಏಳು ಪದಗಳಲ್ಲಿ ಬೇರೆಯಾದದ್ದು ಒಂದೇ, ಹಾಗಾಗಿ ಟಿಎಂ ಸುಮಾರು 85 ಶೇಕಡಾ ಹೋಲಿಕೆ ತೋರಿಸಿ ಅದೇ ಅನುವಾದ ಕೊಡುತ್ತದೆ. ಸಂಜೆ ಆರು ಗಂಟೆಗೆ ದಣಿದ ಕಣ್ಣು ಅದನ್ನು ಒಪ್ಪಿಬಿಡುತ್ತದೆ. ಮುಂದಿನ ಸಲ ಇದೇ ವಾಕ್ಯ ಬಂದರೆ ತಪ್ಪು ನೂರಕ್ಕೆ ನೂರು ಹೋಲಿಕೆಯಾಗಿ, ಯಾರೂ ತಿರುಗಿ ನೋಡದ ಹಾಗೆ ಬರುತ್ತದೆ. ಕೊನೆಗೆ ಕೈಪಿಡಿಯಲ್ಲಿ "ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಪರೀಕ್ಷೆಗೆ ಕಳುಹಿಸಿ" ಅನ್ನುವ ಸಾಲು ನಿಲ್ಲುತ್ತದೆ. ಲಕ್ಷಣವಿಲ್ಲದವರನ್ನೂ ಸೋಸಿ ನೋಡುವ ಸ್ಕ್ರೀನಿಂಗ್ ಯಾವುದು, ರೋಗ ಖಚಿತಪಡಿಸುವ ಟೆಸ್ಟ್ ಯಾವುದು ಎಂದು ಓದಿದ ಕಾರ್ಯಕರ್ತೆಗೆ ಹೇಗೆ ತಿಳಿಯಬೇಕು? ನಾಲ್ವರು ನಾಲ್ಕು ಪದ ಬಳಸಿದ್ದರೆ ಟಿಎಂ ನಾಲ್ಕನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಇದನ್ನು ತಡೆಯುವುದು ಪದಪಟ್ಟಿ. ಅನುವಾದ ಶುರುವಾಗುವ ಮುಂಚೆ ಒಬ್ಬರು ಇಡೀ ಮೂಲವನ್ನು ಓದಿ, ಮತ್ತೆಮತ್ತೆ ಬರುವ, ಒಂದಕ್ಕೊಂದು ಗೊಂದಲವಾಗುವ ಪದಗಳನ್ನಷ್ಟೇ ಹೆಕ್ಕಬೇಕು. ಅರವತ್ತು ಎಂಬತ್ತು ಸಾಕು; ಆರುನೂರಾದರೆ ಯಾರೂ ನೋಡುವುದಿಲ್ಲ. OmegaT ಎಂಬ ಅನುವಾದ ತಂತ್ರಾಂಶ ಬಳಸುವವರಿಗೆ ಇದು ಟ್ಯಾಬ್ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಫೈಲು:

```
screening	ತಪಾಸಣೆ	ಲಕ್ಷಣವಿಲ್ಲದವರಿಗೂ; "ಪರೀಕ್ಷೆ" ಅಲ್ಲ
test	ಪರೀಕ್ಷೆ	ರೋಗ ಖಚಿತಪಡಿಸಲು
```

ನನ್ನ ಮಟ್ಟಿಗೆ ಮೂರನೆಯ ಅಂಕಣವೇ ಪಟ್ಟಿಯ ಜೀವ. ಯಾಕೆ ಈ ಪದ ಎಂದು ಬರೆದಿಡದಿದ್ದರೆ ಎರಡನೇ ವಾರ ಯಾರಾದರೂ ಬದಲಿಸಿಯೇ ತೀರುತ್ತಾರೆ. ಬದಲಿಸುವ ಅಧಿಕಾರವೂ ಒಬ್ಬರಿಗೇ ಇರಲಿ. ಬದಲಿಸಿದ ದಿನವೇ ಟಿಎಂನಲ್ಲಿ ಹಳೆಯ ಪದವಿರುವ ವಾಕ್ಯಗಳನ್ನು ಹುಡುಕಿ ತಿದ್ದಬೇಕು. ಇಲ್ಲದಿದ್ದರೆ ಪಟ್ಟಿ ಒಂದು ಹೇಳುತ್ತದೆ, ಟಿಎಂ ಇನ್ನೊಂದು ಕೊಡುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ "ಇನ್‌ಹೇಲರ್" ಇದ್ದೂ, ಅನುವಾದದಲ್ಲೂ ಆ ಪದ ಇದ್ದೂ, ಪರಿಶೀಲನೆಯಲ್ಲಿ "ಪದ ಕಾಣೆಯಾಗಿದೆ" ಎಂದು ಬರುವುದುಂಟು. ಒಬ್ಬರು ನ್‌ ಮತ್ತು ಹೇ ನಡುವೆ ಕಣ್ಣಿಗೆ ಕಾಣದ U+200C ಅಕ್ಷರ ಹಾಕಿರುತ್ತಾರೆ. ಹಾಕದವರದ್ದು "ಇನ್ಹೇಲರ್" ಎಂದು ಒತ್ತಕ್ಷರವಾಗುತ್ತದೆ. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಅನುವಾದ ಶುರುವಾಗುವ ಮುಂಚೆ ನಾಲ್ವರೂ ಒಂದೇ ಕೀಲಿಮಣೆ ವಿನ್ಯಾಸದಲ್ಲಿ ಇಂಥ ಹತ್ತು ಪದಗಳನ್ನು ಟೈಪ್ ಮಾಡಿ ಹೋಲಿಸಿ ನೋಡಿ.