ಹೋಂವರ್ಕ್ ಕಡಿಮೆ ಮಾಡಿ ಅನ್ನೋ ಮಾತು ಹೊಸದಲ್ಲ: ಪರ ವಹಿಸುವ ಮೊದಲ ಭಾಷಣಕ್ಕೆ ಒಂದಿಷ್ಟು ಹಿನ್ನೆಲೆ

ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಂಟನೇ ತರಗತಿ. ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ 'ಪ್ರಾಥಮಿಕ ತರಗತಿಗಳಲ್ಲಿ ಹೋಂವರ್ಕ್ ಕಡಿಮೆಯಾಗಬೇಕು' ಎಂಬ ವಿಷಯಕ್ಕೆ ಪರವಾಗಿ ಮೊದಲು ಮಾತಾಡೋಳು ಅವಳೇ. ನಾಲ್ಕು ನಿಮಿಷ. "ಸರ್, ಹೋಂವರ್ಕ್ ಬ್ಯಾಡ ಅಂತ ಹೇಳಿದ್ರ ಮುಗೀತಲ್ರೀ?" ಅಂದಳು. ಮುಗಿಯಲ್ಲ, ಹಾಗೆ ಹೇಳಿದ್ರೆ ಸೋಲೋದು ಅಲ್ಲೇ. ವಿಷಯದಲ್ಲಿ ಇರೋದು 'ಕಡಿಮೆ', 'ಬೇಡ' ಅಲ್ಲ. ಪೂರ್ತಿ ಬೇಡ ಅಂದ ತಕ್ಷಣ ಎದುರಿನವರು ಮಗ್ಗಿ ಹೇಗೆ ಬರುತ್ತೆ, ಅಕ್ಷರ ಹೇಗೆ ತಿದ್ದಬೇಕು ಅಂತ ಕೇಳ್ತಾರೆ, ಆಮೇಲೆ ನಮ್ಮ ಸಮಯವೆಲ್ಲ ಅದಕ್ಕೆ ಉತ್ತರ ಕೊಡೋದ್ರಲ್ಲೇ ಹೋಗುತ್ತೆ.

ಇನ್ನೊಂದು ತೊಡಕು 'ಪ್ರಾಥಮಿಕ' ಅನ್ನೋ ಪದದ್ದು. ನಮ್ಮಲ್ಲಿ ಕಿರಿಯ ಪ್ರಾಥಮಿಕ ಅಂದರೆ ಒಂದರಿಂದ ಐದು, ಆರು-ಏಳು ಹಿರಿಯ ಪ್ರಾಥಮಿಕ. ಎರಡನ್ನೂ ಜನ ಪ್ರಾಥಮಿಕ ಅಂತಲೇ ಕರೀತಾರೆ. ಮೊದಲ ಭಾಷಣಕಾರರು ಗೆರೆ ಎಳೀದಿದ್ರೆ ಎದುರಾಳಿ ಏಳನೇ ತರಗತಿಯ ಉದಾಹರಣೆ ತಂದು ನಿಲ್ಲಿಸ್ತಾರೆ. ಹಾಗಾಗಿ ಒಂದರಿಂದ ಐದು ಅಂತ ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಬೇಕು. ಈ ಗೆರೆ ನಾವು ಸುಮ್ನೆ ಎಳೆದಿದ್ದಲ್ಲ, ಹಳೆಯ ಸರ್ಕಾರಿ ದಾಖಲೆಗಳಲ್ಲೂ ಅದು ಇಲ್ಲೇ ಇದೆ.

ಆರ್.ಕೆ. ನಾರಾಯಣ್ ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನ ಮೇಲಿನ ಬ್ಯಾಗಿನ ಭಾರದ ಬಗ್ಗೆ ಮಾತಾಡಿದ್ದರು. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶ್ ಪಾಲ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, 1993ರಲ್ಲಿ ವರದಿ ಬಂತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕೇ ಬೇಡ, ಮನೆಯ ಸುತ್ತಮುತ್ತ ನೋಡಿ ತಿಳಿಯುವ ಕೆಲಸ ಬೇಕಾದರೆ ಕೊಡಿ ಅಂತ ಅದು ಹೇಳಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ವಲ್ಪ ಸಡಿಲ ಮಾಡಿತು: ಎರಡನೇ ತರಗತಿವರೆಗೆ ಇಲ್ಲ, ಮೂರರಿಂದ ವಾರಕ್ಕೆ ಎರಡು ಗಂಟೆ. ದಿನಕ್ಕಲ್ಲ, ವಾರಕ್ಕೆ! 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು-ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು ಅಂತ ಆದೇಶಿಸಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಬ್ಯಾಗಿನ ತೂಕ ನಿಗದಿ ಮಾಡಿದಾಗಲೂ ಅದನ್ನೇ ಹೇಳಿತು. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಮೂರರಿಂದ ಐದಕ್ಕೆ ಮತ್ತೆ ವಾರಕ್ಕೆ ಎರಡು ಗಂಟೆ, ಆರರಿಂದ ದಿನಕ್ಕೆ ಒಂದು ಗಂಟೆ. ಐದಕ್ಕೂ ಆರಕ್ಕೂ ನಡುವಿನ ಆ ಗೆರೆ ನೋಡಿ.

ಇವು ಬಹುಪಾಲು ಮಾರ್ಗಸೂಚಿಗಳು, ಪಾಲಿಸದಿದ್ದರೆ ಶಿಕ್ಷೆ ಅಂತೇನಿಲ್ಲ. ಇದನ್ನು ಮುಚ್ಚಿಡೋದು ಬೇಡ, ಅದಕ್ಕೇ ಈ ಚರ್ಚೆ ಬೇಕಾಗಿದೆ ಅಂತ ಹೇಳಬಹುದು.

ಹಾಗಾದ್ರೆ ನಿಜಕ್ಕೂ ಎಷ್ಟು ಹೋಂವರ್ಕ್ ಇದೆ? ಹುಡುಗಿಯ ತಮ್ಮ ನಾಲ್ಕನೇ ತರಗತಿ. ಅವನ ಒಂದು ವಾರದ ಲೆಕ್ಕ ಬರೆದಿಡು ಅಂದೆ. ಬುಧವಾರ ನಾನೇ ಕೂತು ನೋಡಿದೆ. ಕನ್ನಡದ ಪ್ರಶ್ನೋತ್ತರ ಮೂರು ಮೂರು ಸಲ, ಹತ್ತು ಗುಣಾಕಾರ, ಒಂದು ಪುಟ ಇಂಗ್ಲಿಷ್ ಕಾಪಿ ರೈಟಿಂಗ್. ಮೂರನೇ ಸಲ ಬರೆಯುವಾಗ ಹುಡುಗ ವಾಕ್ಯ ಓದ್ತಿರಲಿಲ್ಲ, ಮೊದಲ ಪದವನ್ನು ಸಾಲಾಗಿ ಕೆಳಕ್ಕೆ ಬರೆದು, ಆಮೇಲೆ ಎರಡನೇ ಪದ, ಹೀಗೆ ಕಂಬ ಕಂಬವಾಗಿ ತುಂಬಿಸ್ತಿದ್ದ. ಅವ್ವ ಭತ್ತದ ನಾಟಿಗೆ ಹೋಗಿ ಬಂದು ಒಲೆ ಮುಂದೆ ಇದ್ದಳು, ಅವಳಿಗೆ ಓದು ಬರಲ್ಲ. ದಿನಕ್ಕೆ ಸುಮಾರು 80 ನಿಮಿಷ, ಆರು ದಿನಕ್ಕೆ 480, ಅಂದರೆ ಎಂಟು ಗಂಟೆ. ಇರಬೇಕಾದದ್ದು ಎರಡು. ನಾಲ್ಕು ಪಟ್ಟು!

ಒಂದು ಮನೆಯ ಲೆಕ್ಕ ಇಡೀ ಜಿಲ್ಲೆಗೆ ಸಾಕ್ಷಿ ಆಗಲ್ಲ. ಹಾಗಾಗಿ ಇದನ್ನು ಉದಾಹರಣೆ ಅಂತಲೇ ಹೇಳು ಅಂದೆ. ಸಾಕ್ಷಿ ಬೇಕಾದ ಕಡೆ ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಇದ್ದಾರೆ. ಹಲವು ಅಧ್ಯಯನ ಒಟ್ಟುಗೂಡಿಸಿ 2006ರಲ್ಲಿ ಅವರು ಮತ್ತು ಜೊತೆಗಾರರು ಬರೆದ ಪ್ರಕಾರ ದೊಡ್ಡ ತರಗತಿಗಳಲ್ಲಿ ಹೋಂವರ್ಕಿಗೂ ಕಲಿಕೆಗೂ ನಂಟು ಕಾಣುತ್ತೆ, ಚಿಕ್ಕವರಲ್ಲಿ ಅದು ತುಂಬಾ ದುರ್ಬಲ. ಎದುರಾಳಿ ಇದರ ಮೊದಲರ್ಧ ಮಾತ್ರ ಎತ್ತಿಕೊಂಡು ಹೈಸ್ಕೂಲಿಗೆ ಉಪಯೋಗ ಇದೆಯಲ್ಲ ಅಂದ್ರೆ ಒಪ್ಪಿಕೊಳ್ಳಲಿ, ನಮ್ಮ ಗೆರೆ ಐದಕ್ಕೇ ನಿಂತಿದೆ.

ಮೊದಲ ಭಾಷಣದಲ್ಲಿ ಖಂಡಿಸೋಕೆ ಇನ್ನೂ ಯಾರೂ ಮಾತಾಡಿರಲ್ಲ. ಆದ್ದರಿಂದ ಅರ್ಧ ನಿಮಿಷ ಗೆರೆಗೆ, ಒಂದು ನಿಮಿಷ ಹಿನ್ನೆಲೆಗೆ, ಒಂದೂವರೆ ನಿಮಿಷ ಆ ಎಂಟು ಗಂಟೆಗೆ, ಉಳಿದ ಒಂದು ನಿಮಿಷ ಕೂಪರ್‌ಗೂ ನಮ್ಮ ಬೇಡಿಕೆಗೂ. ಬೇಡಿಕೆ ಅಳೆಯುವಂತಿರಬೇಕು: ಮೂರರಿಂದ ಐದಕ್ಕೆ ವಾರಕ್ಕೆ ಎರಡೇ ಗಂಟೆ, ಯಾವ ದಿನ ಯಾವ ವಿಷಯ ಅನ್ನೋದನ್ನು ಶಿಕ್ಷಕರು ಸೇರಿ ಹಂಚಿಕೊಳ್ಳಲಿ.

ರಾತ್ರಿ ಅವಳು ಗಡಿಯಾರ ಇಟ್ಟುಕೊಂಡು ಓದಿ ನೋಡಿದಳು. ಐದು ನಿಮಿಷ ಆಯ್ತು. ಮದ್ರಾಸ್ ಹೈಕೋರ್ಟಿನ ಸಾಲು ತೆಗೆದಳು, ತಮ್ಮನ ಕಂಬದ ಸಾಲು ಮಾತ್ರ ಬಿಡಲಿಲ್ಲ.