ಕೊಡಲಿಲ್ಲ, ಕೊಟ್ಟಿಲ್ಲ

ಮೇ ತಿಂಗಳಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಒಂದೂವರೆ ಪುಟದ ಹೇಳಿಕೆ ಹಿಡಿದುಕೊಂಡು ಬಂದರು. ತಮ್ಮ ಮನೆಯ ಬಾಡಿಗೆದಾರರ ಬಗ್ಗೆ ಅವರೇ ಕನ್ನಡದಲ್ಲಿ ಬರೆದಿದ್ದರು. ಇಂಗ್ಲಿಷಿಗೆ ತಂದವನು ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗ. ಮೇಷ್ಟ್ರು ಎರಡು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ತಂದಿದ್ದರು. ಕನ್ನಡದಲ್ಲಿ ಇದ್ದದ್ದು ಇಷ್ಟು: "ಫೆಬ್ರುವರಿ ಬಾಡಿಗೆಯನ್ನು ಐದನೇ ತಾರೀಖಿಗೆ ಕೊಡಲಿಲ್ಲ. ಮಾರ್ಚ್ ಬಾಡಿಗೆ ಕೊಟ್ಟಿಲ್ಲ." ಇಂಗ್ಲಿಷಿನಲ್ಲಿ ಎರಡು ಕಡೆಯೂ "ಡಿಡ್ ನಾಟ್ ಪೇ" ಆಗಿತ್ತು.

"ನೋಡಿ ಮೇಡಂ, ಫೆಬ್ರುವರಿದು ತಡವಾಗಿ ಇಪ್ಪತ್ತನೇ ತಾರೀಖು ಕೊಟ್ಟರು. ಅದನ್ನ ನಾನು ಇಲ್ಲ ಅನ್ನಲ್ಲ. ಮಾರ್ಚಿಂದು ಇವತ್ತಿನವರೆಗೂ ಬಂದಿಲ್ಲ. ಇದರಲ್ಲಿ ಎರಡೂ ಒಂದೇ ಥರ ಇದೆಯಲ್ಲ?" ಅಂದರು. ಅವರ ಮಾತು ಅಕ್ಷರಶಃ ಸರಿ.

ಈ ತಪ್ಪನ್ನು ನಾನು ವಾರಕ್ಕೊಮ್ಮೆಯಾದರೂ ತಿದ್ದುತ್ತೇನೆ. 'ನಾಟ್' ಅಂದರೆ 'ಇಲ್ಲ', 'ಡಿಡ್' ಅಂದರೆ ಭೂತಕಾಲ ಎಂದು ಎರಡು ಚೀಟಿ ಅಂಟಿಸಿಕೊಂಡು ಕೂತರೆ ಹೀಗೇ ಆಗುವುದು. ಇಂಗ್ಲಿಷಿನಲ್ಲಿ ನಿಷೇಧ ಬಂದ ಕೂಡಲೇ ಕಾಲದ ಗುರುತು ಮುಖ್ಯ ಕ್ರಿಯಾಪದವನ್ನು ಬಿಟ್ಟು 'ಡೂ' ಮೇಲೆ ಕೂರುತ್ತದೆ. 'ಪೇಯ್ಡ್' ಇದ್ದದ್ದು 'ಡಿಡ್ ನಾಟ್ ಪೇ' ಆಗುತ್ತದೆ. ಕಾಲ ತಿಳಿಯಬೇಕಾದರೆ 'ಡಿಡ್' ನೋಡಿದರೆ ಸಾಕು. ಕನ್ನಡದಲ್ಲಿ ಆ 'ಡೂ'ಗೆ ಸಮನಾದದ್ದು ಏನೂ ಇಲ್ಲ. ಕೊನೆಯಲ್ಲಿ ಬರುವ 'ಇಲ್ಲ' ಯಾವ ಕಾಲಕ್ಕೂ ಬದಲಾಗುವುದಿಲ್ಲ. ಅದರ ಹಿಂದೆ ಕ್ರಿಯಾಪದ ಯಾವ ರೂಪದಲ್ಲಿ ನಿಂತಿದೆ ಎಂಬುದೇ ಕಾಲವನ್ನು ಹೇಳುತ್ತದೆ.

ಮೋಸ ಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 'ಕೊಡಲಿಲ್ಲ' ಬಿಡಿಸಿದರೆ 'ಕೊಡಲು' ಎನ್ನುವಲ್ಲಿರುವ ರೂಪ ಸಿಗುತ್ತದೆ, ಅದರ ಪಕ್ಕದಲ್ಲಿ 'ಇಲ್ಲ'. 'ಕೊಡಲು' ಎಂಬುದಕ್ಕೆ ಕಾಲವೇ ಇಲ್ಲ. 'ಹಣ ಇಲ್ಲ' ಎಂದಾಗ 'ಇಲ್ಲ' ಹೇಳುವುದು ಈಗಿನ ಸ್ಥಿತಿಯನ್ನು. ಎರಡರಲ್ಲಿ ಯಾವುದರಲ್ಲೂ ಭೂತಕಾಲದ ಗುರುತಿಲ್ಲ, ಆದರೂ ಕೂಡಿದಾಗ ಅರ್ಥ ಭೂತಕಾಲದ್ದು. 'ಕೊಟ್ಟಿಲ್ಲ'ದಲ್ಲಿ ಇದರ ತಿರುವುಮುರುವು. 'ಕೊಟ್ಟು' ಕಣ್ಣಿಗೆ ಕಾಣುವ ಹಾಗೆ ಭೂತಕಾಲದ ರೂಪ, ಆದರೆ ಇಡೀ ಪದದ ಅರ್ಥ ಈಗಿನವರೆಗೂ ಚಾಚಿಕೊಂಡಿದೆ: ಕೊಡಬೇಕಾದ್ದು ಇನ್ನೂ ಬಾಕಿ. ನಮ್ಮ ಹುಡುಗ 'ಕೊಟ್ಟು' ನೋಡಿ 'ಡಿಡ್' ಹಾಕಿದ. ಬೇಕಾಗಿದ್ದದ್ದು 'ಹ್ಯಾಸ್ ನಾಟ್ ಪೇಯ್ಡ್'. ಇಂಗ್ಲಿಷ್ ಬರೆಯುವಾಗ ನಮ್ಮ ಮಕ್ಕಳು 'ಡಿಡ್ ನಾಟ್ ಕೇಮ್' ಎಂದು ಬರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. 'ಬಂದಿಲ್ಲ'ದೊಳಗಿನ 'ಬಂದು' ಅವರ ಕಿವಿಯಲ್ಲಿ ಇರುವುದೂ ಅದಕ್ಕೆ ಒಂದು ಕಾರಣ ಎಂದು ನನ್ನ ಅನುಮಾನ. ಬೈದು ಪ್ರಯೋಜನವಿಲ್ಲ, ಬಿಡಿಸಿ ತೋರಿಸಬೇಕು.

ಯಾವುದು ಯಾವುದೆಂದು ಗೊಂದಲವಾದಾಗ ನಾನು ಮಾಡುವುದು ಒಂದೇ. ವಾಕ್ಯವನ್ನು 'ಆಮೇಲೆ ಕೊಟ್ಟರು' ಎಂದು ಮುಂದುವರಿಸಿ ನೋಡುತ್ತೇನೆ. "ಐದನೇ ತಾರೀಖು ಕೊಡಲಿಲ್ಲ, ಆಮೇಲೆ ಕೊಟ್ಟರು" ಸಲೀಸಾಗಿ ಹೋಗುತ್ತದೆ. "ಕೊಟ್ಟಿಲ್ಲ, ಆಮೇಲೆ ಕೊಟ್ಟರು" ಎಂದರೆ ನಾಲಿಗೆ ತಡೆಯುತ್ತದೆ. ಆದರೆ ಇದನ್ನು ಕಲ್ಲಿನ ಮೇಲೆ ಕೆತ್ತಿದ ನಿಯಮ ಎಂದುಕೊಳ್ಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು "ಇನ್ನೂ ಬರಲಿಲ್ಲವಲ್ಲ" ಅನ್ನುತ್ತೇವೆ, "ನಿನ್ನೆ ಊಟ ಮಾಡಿಲ್ಲ" ಎಂದೂ ಅನ್ನುತ್ತೇವೆ. ಆಡುಮಾತಿನಲ್ಲಿ ಗೆರೆ ಅಲ್ಲಲ್ಲಿ ಅಳಿಸಿರುತ್ತದೆ. ಹಾಗಾಗಿ ಸಹಿ ಬೀಳುವ ಕಾಗದವಾದರೆ ಬರೆದವರನ್ನೇ ಕೇಳುವುದು ಕ್ಷೇಮ. ಆ ಪದದಿಂದ ಕಾನೂನಿನಲ್ಲಿ ಏನಾಗುತ್ತದೆ ಎಂಬುದನ್ನು ವಕೀಲರು ಹೇಳಬೇಕು, ನಾನಲ್ಲ.

'ಕೊಡುವುದಿಲ್ಲ' ಬಂದಾಗ ತೊಂದರೆ ಬೇರೆ. ಅಭ್ಯಾಸ, ಹಟ ಎರಡಕ್ಕೂ ಅದೇ ಪದ, ಇಂಗ್ಲಿಷಿಗೆ ಹೋಗುವಾಗ 'ಡಸ್ ನಾಟ್' ಮತ್ತು 'ವಿಲ್ ನಾಟ್' ಎಂದು ಒಡೆಯಬೇಕು. ಮಾತಿನಲ್ಲಿ ಅದು 'ಕೊಡಲ್ಲ' ಆಗುತ್ತದೆ. 'ಅಲ್ಲ' ಎಂದು ಕೇಳಿಸಿದರೂ ಅಲ್ಲಿರುವುದು 'ಇಲ್ಲ'ವೇ. ಉತ್ತರ ಕರ್ನಾಟಕದವರು 'ಕೊಡಂಗಿಲ್ಲ' ಅಂದರೆ ಕೊಡುವುದಿಲ್ಲ ಎಂದಷ್ಟೇ. ಮೈಸೂರು ಕಡೆ ಕೊಡೋ 'ಹಂಗಿಲ್ಲ' ಅಂದರೆ ಕೊಡಕೂಡದು ಎಂದು. ಒಮ್ಮೆ ನಾನೇ ಇದರಲ್ಲಿ ಎಡವಿದ್ದೇನೆ, ಧಾರವಾಡದ ಅಜ್ಜಿಯೊಬ್ಬರು ಹೇಳಿದ್ದನ್ನು ನಿಷೇಧಾಜ್ಞೆ ಎಂದು ಬರೆದುಬಿಟ್ಟಿದ್ದೆ.

ಮೇಷ್ಟ್ರ ಹೇಳಿಕೆಯಲ್ಲಿ ಇನ್ನೊಂದು ಸಾಲಿತ್ತು: "ಮಗನನ್ನು ಕಳಿಸಿದೆ, ಕೊಡಲಿಲ್ಲ." 'ಕಳಿಸಿದೆ' ಎಂದರೆ ನಾನು, ಪ್ರತ್ಯಯದಲ್ಲೇ ಆಳು ಇದ್ದಾನೆ. 'ಕೊಡಲಿಲ್ಲ' ಎಂದರೆ ಯಾರು? ನಾನೂ ಆಗಬಹುದು, ಅವರೂ ಆಗಬಹುದು. ಹಳೆಯ ಕನ್ನಡದಲ್ಲಿ ಹೀಗಿರಲಿಲ್ಲ. 'ಕೊಡೆನು', 'ಕೊಡನು', 'ಕೊಡರು' ಎಂದು ನಿಷೇಧವೂ ಪ್ರತ್ಯಯದೊಳಗೇ ಅಡಗಿ, ಆಳು ಯಾರೆಂದು ಸ್ಪಷ್ಟವಾಗಿರುತ್ತಿತ್ತು. ಆದರೆ ಅದರಲ್ಲಿ ಕಾಲ ಕಾಣುತ್ತಿರಲಿಲ್ಲ. ನಿನ್ನೆಯದೋ ನಾಳೆಯದೋ ಸಂದರ್ಭ ನೋಡಿಯೇ ತಿಳಿಯಬೇಕಿತ್ತು. ಇವತ್ತು ನಮಗೆ ಕಾಲ ಸಿಕ್ಕಿದೆ, ಆಳು ಹೋಗಿದ್ದಾನೆ. ಆ ಹಳೆಯ ರೂಪದಲ್ಲಿ ಉಳಿದಿರುವುದು 'ಒಲ್ಲೆ', 'ಅರಿಯೆ', 'ಸಾಲದು', 'ಕೂಡದು', 'ಮಾಡಲಾರೆ' ಇಂಥವು. ಆದ್ದರಿಂದ 'ಇಲ್ಲ' ಬಂದ ಕಡೆಯೆಲ್ಲ ಕರ್ತೃಪದ ಬಿಟ್ಟಿದೆಯೇ ಎಂದು ನೋಡಿ, ಬಿಟ್ಟಿದ್ದರೆ ತುಂಬಿ. ನಾವು "ಅವರು ಕೊಡಲಿಲ್ಲ" ಎಂದು ತಿದ್ದಿದೆವು.

ಬಾಡಿಗೆದಾರರ ಉತ್ತರ ಇಂಗ್ಲಿಷಿನಲ್ಲಿ ಬಂತು, ಅದನ್ನು ಮೇಷ್ಟ್ರಿಗೆ ಕನ್ನಡದಲ್ಲಿ ಓದಿಸಬೇಕಿತ್ತು. ಅದರಲ್ಲಿ ಒಂದು ಸಾಲು: "ಐ ಡಿಡ್ ನಾಟ್ ವೆಕೇಟ್ ಇನ್ ಮಾರ್ಚ್ ಬಿಕಾಸ್ ಆಫ್ ಮೈ ಡಾಟರ್ಸ್ ಸ್ಕೂಲ್." ಹುಡುಗ ಥಟ್ಟನೆ ಬರೆದ: "ಮಗಳ ಶಾಲೆಯ ಕಾರಣ ಮಾರ್ಚ್‌ನಲ್ಲಿ ಮನೆ ಖಾಲಿ ಮಾಡಲಿಲ್ಲ." ಸರಿ ಇರಬಹುದು. ಆದರೆ ಅದೇ ಇಂಗ್ಲಿಷ್ ಸಾಲಿಗೆ ಇನ್ನೊಂದು ಅರ್ಥವೂ ಇದೆ: ಮಾರ್ಚ್‌ನಲ್ಲಿ ಖಾಲಿ ಮಾಡಿದ್ದು ಹೌದು, ಕಾರಣ ಮಾತ್ರ ಶಾಲೆಯಲ್ಲ. ಇಂಗ್ಲಿಷಿನ 'ನಾಟ್' ಕ್ರಿಯೆಯ ಪಕ್ಕದಲ್ಲಿ ಕೂತಿದ್ದರೂ ಕ್ರಿಯೆಯನ್ನೂ ತಳ್ಳಿಹಾಕಬಲ್ಲದು, ಕಾರಣವನ್ನೂ ತಳ್ಳಿಹಾಕಬಲ್ಲದು. ಕನ್ನಡದಲ್ಲಿ ಈ ಎರಡು ಕೆಲಸಕ್ಕೆ ಎರಡು ಪದಗಳಿವೆ. 'ಇಲ್ಲ' ಹಾಕಿದರೆ ಖಾಲಿ ಮಾಡಿದ್ದೇ ಸುಳ್ಳು. ಕಾರಣವನ್ನಷ್ಟೇ ತಳ್ಳಬೇಕಾದರೆ ಕ್ರಿಯೆಯನ್ನು ಮುಂದೆ ತಂದು 'ಅಲ್ಲ' ಹಾಕಬೇಕು: "ಮಾರ್ಚ್‌ನಲ್ಲಿ ಮನೆ ಖಾಲಿ ಮಾಡಿದ್ದು ಮಗಳ ಶಾಲೆಯ ಕಾರಣಕ್ಕಲ್ಲ."

ಹಾಗಾಗಿ ಅನುವಾದಕರು ಇಲ್ಲಿ ಒಂದನ್ನು ಆರಿಸಲೇಬೇಕು, ಆರಿಸುವುದಕ್ಕೆ ವ್ಯಾಕರಣ ಸಾಲದು. ಮೇಷ್ಟ್ರನ್ನು ಕೇಳಿದೆ, "ಅವರು ಈಗ ಎಲ್ಲಿದ್ದಾರೆ ಸಾರ್?"

"ಎಲ್ಲಿದ್ದಾರೆ ಅಂದ್ರೆ? ಮಹಡಿ ಮೇಲೇ ಇದ್ದಾರೆ. ಬೆಳಗ್ಗೆ ಮಗು ನಮ್ಮನೆಗೇ ಬಂದು ಹೂ ಕೇಳಿಕೊಂಡು ಹೋಯ್ತು."

ಹುಡುಗ ಬರೆದ ಸಾಲನ್ನೇ ಉಳಿಸಿದೆವು.